ಇಂಜಿನ್‌ನಿಂದ ಇವಿಗೆ ಬರುವವರು ಮೊದಲು ಕಲಿಯಬೇಕಾದ್ದು ಇನ್ಸುಲೇಶನ್

"ಕೆಪಿಟಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮಾಡಿ ಹದಿನೆಂಟು ವರ್ಷ ಡೀಸೆಲ್ ಇಂಜಿನ್ನೇ ಬಿಚ್ಚಿದ್ದು. ಈಗ ಇವಿಗೆ ಬರ್ಬೇಕಾದ್ರೆ ಅದೆಲ್ಲ ಬಿಟ್ಟು ಮೊದಲಿಂದ ಕಲೀಬೇಕಾ ಮಾರಾಯ್ರೆ? ಶುರು ಎಲ್ಲಿಂದ ಮಾಡೋದು?"

ಬಿಡಬೇಕಾದ್ದು ಬಹಳ ಕಡಿಮೆ. ಬ್ರೇಕ್, ಸಸ್ಪೆನ್ಷನ್, ಕೂಲಂಟ್ ಲೈನ್, ಎಸಿ, ಸ್ಕ್ಯಾನರ್ ಹಾಕಿ ಕೋಡ್ ಓದುವುದು, ಗಿರಾಕಿ ಹೇಳಿದ ಲಕ್ಷಣದಿಂದ ಕಾರಣದ ಕಡೆಗೆ ಹೋಗುವುದು, ಇವೆಲ್ಲ ಇವಿಯಲ್ಲೂ ಹಾಗೇ ನಡೆಯುತ್ತವೆ. ಕೈಗೆ ರೂಢಿಯಾಗಿರುವ ಒಂದು ನಂಬಿಕೆ ಮಾತ್ರ ಬದಲಾಗಬೇಕು: ಬಾಡಿ ಅಂದರೆ ಅರ್ತ್ ಅನ್ನುವುದು. ನನ್ನ ಅಭಿಪ್ರಾಯದಲ್ಲಿ ಮೋಟರ್ ಥಿಯರಿ, ಬ್ಯಾಟರಿ ಕೆಮಿಸ್ಟ್ರಿಗಳಿಗಿಂತ ಮೊದಲು ಕಲಿಯಬೇಕಾದ್ದು ಇದನ್ನೇ, ಅಂದರೆ ಹೈ ವೋಲ್ಟೇಜ್ ಲೈನಿಗೂ ಬಾಡಿಗೂ ನಡುವಿನ ಇನ್ಸುಲೇಶನನ್ನು. ನಮ್ಮ ಕರಾವಳಿಯಲ್ಲಂತೂ ಜೂನ್ ಶುರುವಾದರೆ ಸಾಕು, ಇನ್ಸುಲೇಶನ್ ದೂರು ಇರುವ ಗಾಡಿಗಳು ಬರತೊಡಗುತ್ತವೆ.

12 ವೋಲ್ಟ್‌ನಲ್ಲಿ ಬ್ಯಾಟರಿಯ ನೆಗೆಟಿವ್ ಬಾಡಿಗೆ ಕೂತಿರುತ್ತದೆ. ಕಪ್ಪು ಪ್ರೋಬನ್ನು ಬಾಡಿಯ ಯಾವುದಾದರೂ ಬೋಲ್ಟ್‌ಗೆ ಇಟ್ಟು ಕೆಂಪನ್ನು ಓಡಾಡಿಸುವುದು ನಮಗೆಲ್ಲ ರೂಢಿ. ಇವಿ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಇರುವುದು ಸಾಮಾನ್ಯವಾಗಿ 300ರಿಂದ 400 ವೋಲ್ಟ್ ಡಿಸಿ. ಅದರ ಪ್ಲಸ್ ಆಗಲಿ ಮೈನಸ್ ಆಗಲಿ ಬಾಡಿಗೆ ಸೇರಿರುವುದಿಲ್ಲ, ಎರಡೂ ತೇಲುತ್ತಿರುತ್ತವೆ. ಹೀಗೆ ಮಾಡಿರುವುದಕ್ಕೆ ಕಾರಣ ಇದೆ. ಒಂದು ಕಡೆ ಬಾಡಿಗೆ ಲೀಕ್ ಆದರೂ ಕರೆಂಟ್ ಸುತ್ತಿ ಬರಲು ದಾರಿ ಇಲ್ಲ, ಹಾಗಾಗಿ ಶಾಕ್ ಹೊಡೆಯುವುದಿಲ್ಲ. ಇನ್ನೊಂದು ಧ್ರುವವೂ ಲೀಕ್ ಆದರೆ, ಇಲ್ಲವೇ ಅದನ್ನು ಯಾರಾದರೂ ಮುಟ್ಟಿದರೆ, ದಾರಿ ಪೂರ್ತಿಯಾಗುತ್ತದೆ. ಮೊದಲನೇ ಲೀಕ್ ಆದಾಗಲೇ ಎಚ್ಚರಿಸಲಿ ಎಂದು ಬ್ಯಾಟರಿಯನ್ನು ನೋಡಿಕೊಳ್ಳುವ ಕಂಪ್ಯೂಟರ್ ಆದ ಬಿಎಂಎಸ್ ಇನ್ಸುಲೇಶನನ್ನು ಸದಾ ಅಳೆಯುತ್ತಾ ಇರುತ್ತದೆ. ಅದು ಇಳಿದರೆ ಬರುವ ಕೋಡ್ ಸಾಮಾನ್ಯವಾಗಿ P0AA6.

ಎಷ್ಟಿದ್ದರೆ ಸರಿ? ನಮ್ಮ ದೇಶದ ಇವಿ ಸುರಕ್ಷತಾ ಮಾನದಂಡ ಎಐಎಸ್-038 ಹೇಳುವಂತೆ ಡಿಸಿ ಕರೆಂಟಿನ ಭಾಗಕ್ಕೆ ಪ್ರತಿ ವೋಲ್ಟ್‌ಗೆ ಕನಿಷ್ಠ 100 ಓಮ್, ಎಸಿ ಕರೆಂಟಿನ ಭಾಗಕ್ಕೆ 500 ಓಮ್. ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ಮೂಲಕ ಎರಡೂ ಕೂಡಿಕೊಂಡಿರುವುದರಿಂದ 500 ಅನ್ನೇ ಹಿಡಿದುಕೊಳ್ಳುವುದು ಒಳ್ಳೆಯದು. 350 ವೋಲ್ಟ್ ಗಾಡಿಗೆ ಅದು 1,75,000 ಓಮ್, ಅಂದರೆ 0.175 ಮೆಗಾಓಮ್. ಇದು ಕನಿಷ್ಠ ಮಿತಿ. ಚೆನ್ನಾಗಿರುವ ಗಾಡಿ ಹಲವು ಮೆಗಾಓಮ್ ತೋರಿಸುತ್ತದೆ. 0.5 ತೋರಿಸಿದರೆ ನಿಯಮದ ಪ್ರಕಾರ ಪಾಸ್, ಆದರೆ ಎಲ್ಲೋ ಕೆಡಲು ಶುರುವಾಗಿದೆ ಎಂದೇ ಅರ್ಥ.

ಈಗ ಒಂದು ಗಾಡಿಯನ್ನು ತೆಗೆದುಕೊಳ್ಳೋಣ. 350 ವೋಲ್ಟ್‌ನ ಸಣ್ಣ ಕಾರು, ಜುಲೈ ತಿಂಗಳು. ಮಳೆಯಲ್ಲಿ ಪಡುಬಿದ್ರಿ ದಾಟುವಾಗ ವಾರ್ನಿಂಗ್ ಬಂತು, ಕೋಡ್ P0AA6. ಗ್ಯಾರೇಜಿನಲ್ಲಿ ನೀರು ಹೋಗಿರಬೇಕು ಎಂದು ಕನೆಕ್ಟರ್‌ಗಳನ್ನೆಲ್ಲ ಒಣಗಿಸಿ, ಕೋಡ್ ಅಳಿಸಿ, ಓಡಿಸಿ ನೋಡಿ ಕೊಟ್ಟರು. ಮರುದಿನ ಮಳೆ ಬಂದಾಗ ವಾರ್ನಿಂಗ್ ಮತ್ತೆ ಬಂತು. ಉಡುಪಿಯಂಥ ಊರಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವಾಗ ನೀರಿನ ಮೇಲೆ ಅನುಮಾನ ಪಡುವುದು ಸಹಜವೇ. ಆದರೆ ಮಳೆ ಬಂದಾಗ ಡ್ರೈವರ್ ಇನ್ನೂ ಒಂದು ಕೆಲಸ ಮಾಡುತ್ತಾನೆ: ಗಾಜಿನ ಮಂಜು ಹೋಗಲು ಎಸಿ ಹಾಕುತ್ತಾನೆ. ಗ್ಯಾರೇಜಿನವರು ಟ್ರಯಲ್ ನೋಡಿದ್ದು ಎಸಿ ಹಾಕದೆ.

ಇಲ್ಲಿಯೇ ನಿಮ್ಮ ಹಳೇ ಅನುಭವ ಕೆಲಸಕ್ಕೆ ಬರುವುದು. ಬಿಸಿಯಾದಾಗ ಮಾತ್ರ ಮಿಸ್ ಆಗುತ್ತದೋ, ಲೋಡ್ ಬಿದ್ದಾಗ ಮಾತ್ರವೋ ಎಂದು ನೀವು ಇಂಜಿನ್‌ಗೆ ಕೇಳುತ್ತಿದ್ದ ಪ್ರಶ್ನೆಯನ್ನೇ ಇಲ್ಲೂ ಕೇಳಿ. ಸ್ಕ್ಯಾನರಿನಲ್ಲಿ ಫ್ರೀಜ್ ಫ್ರೇಮ್ ತೆಗೆದು, ಕೋಡ್ ಬಿದ್ದ ಗಳಿಗೆಯಲ್ಲಿ ಎಸಿ ಕಂಪ್ರೆಸರ್ ತಿರುಗುತ್ತಿತ್ತೇ ನೋಡಿ. ಆಮೇಲೆ ಒಣಗಿದ ಶೆಡ್ಡಿನೊಳಗೆ ಗಾಡಿಯನ್ನು ರೆಡಿ ಮೋಡ್‌ನಲ್ಲಿ ಹತ್ತು ನಿಮಿಷ ಎಸಿ ಇಲ್ಲದೆ ಬಿಡಿ, ಮತ್ತೆ ಹತ್ತು ನಿಮಿಷ ಎಸಿ ಹಾಕಿ ಬಿಡಿ. ಎಸಿ ಹಾಕಿದ ಮೇಲೆ ಮಾತ್ರ ಬಿಎಂಎಸ್‌ನ ಇನ್ಸುಲೇಶನ್ ರೀಡಿಂಗ್ ಕುಸಿದರೆ ಮಳೆಯ ಮೇಲೆ ಹೊರಿಸಿದ ತಪ್ಪು ಅಲ್ಲಿಗೆ ಮುಗಿಯಿತು. ಎಸಿಗೆ ಸಂಬಂಧವಿಲ್ಲದೆ ಬೆಳಿಗ್ಗೆ ಕಡಿಮೆ ಇದ್ದು ಬಿಸಿಲೇರಿದಂತೆ ತಾನೇ ಏರಿದರೆ ಅದು ನೀರೇ. ಚಾರ್ಜಿಂಗ್ ಸಾಕೆಟ್, ಕನೆಕ್ಟರಿನ ರಬ್ಬರ್ ಸೀಲ್ ನೋಡಬೇಕು, ಪಿನ್ ಬುಡದಲ್ಲಿ ಹಸಿರೋ ಬಿಳಿಯೋ ಪುಡಿ ಸಿಗುತ್ತದೆ.

ಅನುಮಾನ ಕಂಪ್ರೆಸರ್ ಮೇಲೆ ಬಂತು. ಇನ್ನು ಅಳತೆಯಿಂದ ಸಾಬೀತು ಮಾಡಬೇಕು, ಅದಕ್ಕೆ ಮೊದಲು ಗಾಡಿಯನ್ನು ಡೆಡ್ ಮಾಡಬೇಕು. ಈ ಭಾಗದಲ್ಲಿ ಅವಸರ ಬೇಡ. ಚಾರ್ಜರ್ ತೆಗೆದು, ಇಗ್ನಿಷನ್ ಆಫ್ ಮಾಡಿ, ಕೀಯನ್ನು ದೂರ ಇಟ್ಟು ಬೀಗ ಹಾಕಿ. 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕ್ಲಾಸ್ 0 ರಬ್ಬರ್ ಗ್ಲೌಸ್, ಅದರ ಮೇಲೆ ಚರ್ಮದ ಗ್ಲೌಸ್ ಹಾಕಿ, ಬ್ಯಾಟರಿ ಪ್ಯಾಕ್‌ನ ಹೈ ವೋಲ್ಟೇಜ್ ಲೈನ್ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ರಬ್ಬರ್ ಗ್ಲೌಸನ್ನು ಪ್ರತಿಸಲ ಹಾಕುವ ಮೊದಲು ಬಾಯಿಯ ಕಡೆಯಿಂದ ಸುತ್ತಿ ಗಾಳಿ ತುಂಬಿಸಿ, ಬೆರಳುಗಳಿಂದ ಗಾಳಿ ಸೋರುತ್ತದೋ ಎಂದು ಕಿವಿಯ ಹತ್ತಿರ ಹಿಡಿದು ಕೇಳಿ. ನಮ್ಮ ಸೆಕೆಯಲ್ಲಿ ಒಳಗೆಲ್ಲ ಬೆವರು ನಿಲ್ಲುತ್ತದೆ, ಆದ್ದರಿಂದ ಒಳಗೆ ತೆಳು ಹತ್ತಿಯ ಗ್ಲೌಸ್ ಹಾಕಿ, ಕೆಲಸ ಮುಗಿದ ಮೇಲೆ ಮಡಚದೆ ಒಣಗಲು ಬಿಡಿ.

ಪ್ಲಗ್ ಕಿತ್ತ ತಕ್ಷಣ ಏನೂ ಮುಟ್ಟಬೇಡಿ. ಇನ್ವರ್ಟರ್ ಒಳಗಿನ ಕೆಪ್ಯಾಸಿಟರ್ ಖಾಲಿಯಾಗಲು ಮ್ಯಾನುವಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ, ಅದು ಸಾಮಾನ್ಯವಾಗಿ 5ರಿಂದ 10 ನಿಮಿಷ. ಆಮೇಲೆ ಕ್ಯಾಟ್ 3, 1000 ವೋಲ್ಟ್ ರೇಟಿಂಗ್ ಇರುವ ಮೀಟರನ್ನು ಮೊದಲು ಯಾವುದಾದರೂ 12 ವೋಲ್ಟ್ ಬ್ಯಾಟರಿಗೆ ಹಿಡಿದು ಅದು ಕೆಲಸ ಮಾಡುತ್ತಿದೆ ಎಂದು ಖಚಿತ ಮಾಡಿ. ಪ್ಲಸ್ ಮತ್ತು ಮೈನಸ್ ನಡುವೆ, ಪ್ಲಸ್‌ನಿಂದ ಬಾಡಿಗೆ, ಮೈನಸ್‌ನಿಂದ ಬಾಡಿಗೆ ಹೀಗೆ ಮೂರೂ ಅಳೆದು, ಕೊನೆಗೆ ಮೀಟರನ್ನು ಮತ್ತೆ 12 ವೋಲ್ಟ್‌ಗೆ ಹಿಡಿಯಿರಿ. ಇಂಜಿನ್ ಕೆಲಸದಿಂದ ಬಂದವರು ಪ್ಲಸ್‌ನಿಂದ ಬಾಡಿಗೆ ಅಳೆದು ಏನೂ ಇಲ್ಲ ಎಂದು ನಿಲ್ಲಿಸಿಬಿಡುತ್ತಾರೆ. ತೇಲುವ ವ್ಯವಸ್ಥೆಯಲ್ಲಿ ಆ ಒಂದು ಅಳತೆಯನ್ನು ನಂಬುವ ಹಾಗಿಲ್ಲ. ಬಾಡಿಗೆ ಹೋಲಿಸಿದರೆ ಸೊನ್ನೆಯ ಹತ್ತಿರ ತೋರಿಸಿಯೂ ಎರಡು ಪಿನ್‌ಗಳ ಮಧ್ಯೆ ಪೂರ್ತಿ 350 ವೋಲ್ಟ್ ಇರಬಹುದು.

ಮೂರೂ ಕಡೆ ಸೊನ್ನೆ ಬಂದ ಮೇಲೆ ಪ್ಯಾಕ್‌ನ ಮುಖ್ಯ ಕನೆಕ್ಟರ್ ಬಿಚ್ಚಿ. ಹೀಗೆ ಮಾಡಿದರೆ ಬಿಎಂಎಸ್ ಬಾಡಿಗೆ ಜೋಡಿಸಿಕೊಂಡಿರುವ ಅಳತೆಯ ರೆಸಿಸ್ಟರ್ ಪ್ಯಾಕ್ ಕಡೆಗೇ ಉಳಿಯುತ್ತದೆ, ರೀಡಿಂಗ್ ಕೆಡುವುದಿಲ್ಲ. ಗಾಡಿಯ ಕಡೆಯ ಪಿನ್‌ಗಳಿಂದ ಬಾಡಿಗೆ ಇನ್ಸುಲೇಶನ್ ಟೆಸ್ಟರ್ ಹಚ್ಚಿ. ಮಲ್ಟಿಮೀಟರಿನ ಓಮ್ ರೇಂಜ್ ಇದಕ್ಕೆ ಸಾಲದು. ಅದು ಹಾಕುವುದು ಬರೀ ಒಂದೆರಡು ವೋಲ್ಟ್, ಈ ಲೀಕ್ ಬಯಲಾಗುವುದು ಹೆಚ್ಚು ವೋಲ್ಟೇಜ್ ಬಿದ್ದಾಗ. ಇಂಥ ಗಾಡಿಗೆ 500 ವೋಲ್ಟ್ ರೇಂಜ್ ಸಾಮಾನ್ಯ, ಮ್ಯಾನುವಲ್ ಬೇರೆ ಹೇಳಿದ್ದರೆ ಅದರಂತೆ ನಡೆಯಿರಿ. ಟೆಸ್ಟರನ್ನು ಪ್ಲಸ್ ಮತ್ತು ಮೈನಸ್ ಮಧ್ಯೆ ಯಾವತ್ತೂ ಹಚ್ಚಬಾರದು, ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಅದು ಅಪಾಯ. ರೀಡಿಂಗ್ ಮೊದಲು ಕಡಿಮೆ ತೋರಿಸಿ ನಿಧಾನ ಏರುತ್ತದೆ, ಒಳಗಿನ ಸಣ್ಣ ಕೆಪ್ಯಾಸಿಟರ್‌ಗಳು ಚಾರ್ಜ್ ಆಗಬೇಕು. ಒಂದು ನಿಮಿಷ ಬಿಟ್ಟು ಬರೆದುಕೊಳ್ಳಿ.

ನಮ್ಮ ಗಾಡಿಯಲ್ಲಿ ಬಂದದ್ದು 0.15 ಮೆಗಾಓಮ್, ಮಿತಿಗಿಂತ ಕೆಳಗೆ. ಮೋಟರ್ ಇನ್ವರ್ಟರ್, ಆನ್‌ಬೋರ್ಡ್ ಚಾರ್ಜರ್, ಡಿಸಿ-ಡಿಸಿ ಕನ್ವರ್ಟರ್, ಹೀಟರ್, ಎಸಿ ಕಂಪ್ರೆಸರ್ ಎಲ್ಲವೂ ಈ ಒಂದೇ ಲೈನಿಗೆ ಪ್ಯಾರಲಲ್ ಆಗಿ ಸೇರಿವೆ, ಆದ್ದರಿಂದ ಅತಿ ಕೆಟ್ಟದ್ದು ಯಾವುದೋ ಅದೇ ಒಟ್ಟು ರೀಡಿಂಗನ್ನು ಎಳೆದು ಕೆಳಗಿಳಿಸುತ್ತದೆ. ಒಂದೊಂದನ್ನೇ ಕಳಚಿ ಮತ್ತೆ ಅಳೆಯಬೇಕು. ಒಂದೊಂದೇ ಇಂಜೆಕ್ಟರ್ ಕಟ್ ಮಾಡಿ ಸತ್ತ ಸಿಲಿಂಡರ್ ಹುಡುಕುತ್ತಿದ್ದಿರಲ್ಲ, ದಾರಿ ಅದೇ. ಕಂಪ್ರೆಸರ್ ಕನೆಕ್ಟರ್ ಕಿತ್ತ ಕೂಡಲೇ ಉಳಿದದ್ದು 12 ಮೆಗಾಓಮ್‌ಗೆ ಏರಿತು. ಕಂಪ್ರೆಸರ್ ಒಂದನ್ನೇ ಅಳೆದರೆ 0.15.

ಕಂಪ್ರೆಸರನ್ನು ಅಳೆಯುವಾಗ ಒಂದು ಸೂಕ್ಷ್ಮ ಇದೆ. ಅದರೊಳಗೇ ಸಣ್ಣ ಇನ್ವರ್ಟರ್ ಇರುವುದರಿಂದ ಡಯೋಡ್‌ಗಳು ಒಂದು ದಿಕ್ಕಿನ ಕರೆಂಟನ್ನು ತಡೆಯುತ್ತವೆ. ಒಂದು ರೀತಿ ಲೀಡ್ ಹಿಡಿದರೆ ಚೆನ್ನಾಗಿದೆ ಎಂದು ತೋರಿಸಿ, ಅದಲು ಬದಲು ಮಾಡಿದರೆ ಲೀಕ್ ತೋರಿಸಬಹುದು. ಎರಡು ಪಿನ್, ಎರಡೂ ದಿಕ್ಕು, ಒಟ್ಟು ನಾಲ್ಕು ರೀಡಿಂಗ್ ತೆಗೆದರೆ ಮಾತ್ರ ಅಳೆದಂತೆ. ಎಸಿ ಹಾಕಿದಾಗ ಮಾತ್ರ ಕೋಡ್ ಬೀಳುತ್ತಿದ್ದುದಕ್ಕೂ ಇದೇ ಕಾರಣ: ಕಂಪ್ರೆಸರ್ ನಿಂತಿರುವಾಗ ಡಯೋಡ್‌ಗಳು ವೈಂಡಿಂಗನ್ನು ಮರೆಮಾಡುತ್ತವೆ, ತಿರುಗಲು ಶುರುವಾದಾಗ ವೈಂಡಿಂಗಿನ ಲೀಕ್ ಬಿಎಂಎಸ್‌ಗೆ ಕಾಣುತ್ತದೆ.

ಕಂಪ್ರೆಸರ್ ಯಾಕೆ ಲೀಕ್ ಆಯಿತು? ಗಾಡಿಯ ಹಳೇ ಬಿಲ್ ನೋಡಿದರೆ ಮಳೆಗಾಲಕ್ಕೆ ಮೊದಲು ಹೊರಗೆಲ್ಲೋ ಎಸಿ ಗ್ಯಾಸ್ ತುಂಬಿಸಿ, ಆಯಿಲ್ ಟಾಪ್ ಅಪ್ ಮಾಡಿಸಿದ್ದರು. ಬೆಲ್ಟ್‌ನಲ್ಲಿ ತಿರುಗುವ ಕಂಪ್ರೆಸರಿಗೆ ನಾವೆಲ್ಲ ಹಾಕುವ ಪಿಎಜಿ ಆಯಿಲ್ ಅದು. ಇವಿಯಲ್ಲಿ ಕಂಪ್ರೆಸರಿನ ಮೋಟರ್ ವೈಂಡಿಂಗ್ ಗ್ಯಾಸ್ ಮತ್ತು ಆಯಿಲ್‌ನಲ್ಲೇ ಮುಳುಗಿರುತ್ತದೆ, ಹಾಗಾಗಿ ಅಲ್ಲಿ ಆಯಿಲ್ ಕೂಡ ಇನ್ಸುಲೇಟರ್. ಅದಕ್ಕೆ ಸಾಮಾನ್ಯವಾಗಿ ಪಿಒಇ ಆಯಿಲ್ ಹಾಕುತ್ತಾರೆ. ಪಿಎಜಿ ತೇವ ಹೀರಿಕೊಳ್ಳುತ್ತದೆ, ಕರೆಂಟನ್ನೂ ಹೆಚ್ಚು ಬಿಡುತ್ತದೆ. ಸ್ವಲ್ಪ ಸೇರಿದರೂ ಇನ್ಸುಲೇಶನ್ ಮೆಗಾಓಮ್‌ಗಳಿಂದ ಕೆಳಗಿಳಿಯುತ್ತದೆ. ಬಾಟಲಿಯಿಂದ ಹಾಕದಿದ್ದರೂ, ಪೆಟ್ರೋಲ್ ಕಾರಿಗೆ ಬಳಸಿದ ಗ್ಯಾಸ್ ಮೆಷಿನ್ನಿನ ಹೋಸ್‌ನಲ್ಲಿ ಉಳಿದ ಪಿಎಜಿಯೇ ಒಳಗೆ ಹೋಗಬಹುದು. ಇಷ್ಟು ವರ್ಷ ಕೈಯಲ್ಲಿ ಎಸಿ ಕೆಲಸ ಇದ್ದವರಿಗೇ ಈ ತಪ್ಪು ಸುಲಭವಾಗಿ ಆಗುವುದು. ಕೂಲಂಟ್‌ಗೂ ಇದೇ ಎಚ್ಚರ ಬೇಕು: ಕೆಲವು ಇವಿಗಳಲ್ಲಿ ಕರೆಂಟ್ ಬಿಡದ ವಿಶೇಷ ಕೂಲಂಟ್ ಇರುತ್ತದೆ, ಅದಕ್ಕೆ ಶೆಲ್ಫಿನಲ್ಲಿದ್ದ ಹಸಿರು ಕೂಲಂಟ್ ಬೆರೆಸಬಾರದು.

ಒಳಗೆ ಸೇರಿದ ಪಿಎಜಿಯನ್ನು ತೊಳೆದು ತೆಗೆಯುತ್ತೇನೆ ಎನ್ನುವುದು ನಂಬುವ ದಾರಿಯಲ್ಲ. ವೈಂಡಿಂಗಿನ ಸಂದಿಯಲ್ಲಿ, ಕಂಡೆನ್ಸರ್ ಟ್ಯೂಬ್‌ಗಳಲ್ಲಿ ಆಯಿಲ್ ಉಳಿಯುತ್ತದೆ, ಫ್ಲಶ್ ದ್ರವ ಉಳಿದರೆ ಅದೂ ತೊಂದರೆ. ಕಂಪ್ರೆಸರ್ ಬದಲಿಸಲೇಬೇಕು. ಕಂಡೆನ್ಸರ್, ಕೂಲಿಂಗ್ ಕಾಯಿಲ್, ಪೈಪುಗಳನ್ನೂ ಬದಲಿಸಲು ಹೇಳುವ ಕಂಪನಿಗಳಿವೆ, ಅದನ್ನು ಗಿರಾಕಿಗೆ ಮೊದಲೇ ತಿಳಿಸಿ. ಬರೀ ಕಂಪ್ರೆಸರ್ ಹಾಕಿ ಹಳೇ ಪೈಪ್ ಉಳಿಸಿದರೆ ಹೊಸದೂ ಅದೇ ಗತಿಗೆ ಬರಬಹುದು. ಜೋಡಿಸಿದ ಮೇಲೆ ವ್ಯಾಕ್ಯೂಮ್ ಸಂಪೂರ್ಣ ಎಳೆದು, ಲೇಬಲ್‌ನಲ್ಲಿ ಹೇಳಿದ ಆಯಿಲ್ ಮತ್ತು ಗ್ಯಾಸನ್ನೇ ತೂಕ ಮಾಡಿ ಹಾಕಿ. ಪ್ಯಾಕ್ ಜೋಡಿಸುವ ಮೊದಲು ಇನ್ನೊಮ್ಮೆ ಟೆಸ್ಟರ್ ಹಚ್ಚಿ, ಆಮೇಲೆ ಎಸಿ ಹಾಕಿಕೊಂಡು ಅರ್ಧ ಗಂಟೆ ಓಡಿಸಿ ಬಿಎಂಎಸ್ ರೀಡಿಂಗ್ ನೋಡಿ.

ಈ ಕೆಲಸ ಕೈಗೆ ಬರುವವರೆಗೆ ಪ್ಯಾಕ್ ಬಿಚ್ಚುವುದಕ್ಕೆ ಹೋಗಬೇಡಿ. ಇಲ್ಲಿ ಹೇಳಿದ್ದೆಲ್ಲ ಪ್ಯಾಕ್‌ನ ಹೊರಗಿನ ಮಾತು, ಅದನ್ನು ಡೆಡ್ ಮಾಡಿ ಕೆಲಸ ಮಾಡಬಹುದು. ಪ್ಯಾಕ್ ಒಳಗೆ ಆ ಸೌಕರ್ಯ ಇಲ್ಲ. ಸರ್ವಿಸ್ ಪ್ಲಗ್ ಕಿತ್ತರೂ ಸೆಲ್‌ಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಅದಕ್ಕೆ ಕಂಪನಿಯ ಪ್ರತ್ಯೇಕ ತರಬೇತಿ ಬೇಕು, ಪಕ್ಕದಲ್ಲಿ ಇನ್ನೊಬ್ಬರು ನಿಂತಿರಲೇಬೇಕು.