ಏಳು ಅಂದ್ರೆ ಏಳು

ಭಾನುವಾರ, 13 ಜುಲೈ 2025

ನಾನು ಚಿಕ್ಕವಳಿದ್ದಾಗ ಬೆಳಗ್ಗೆ ಕಣ್ಣು ಬಿಡದೆಯೇ ಕೇಳುತ್ತಿದ್ದೆ, "ಅಪ್ಪಾ, ಗಂಟೆ ಎಷ್ಟು?"

"ಏಳು."

ಗಾಬರಿಯಿಂದ ಎದ್ದು ನೋಡಿದರೆ ಆರೂಕಾಲು. "ನಾನೆಲ್ಲಿ ಗಂಟೆ ಹೇಳಿದೆ? ಏಳು ಅಂದೆ, ನೀನು ಎದ್ದೆ." ನಾನು "ಅಪ್ಪಾ..." ಅಂತ ರಾಗ ಎಳೆದು ದಿಂಬಿನಲ್ಲಿ ಮುಖ ಹುದುಗಿಸುತ್ತಿದ್ದೆ.

ಅಮ್ಮ "ಕಾಫಿ ಆರ್ತಿದೆ" ಅಂದರೆ "ಆರು ಯಾಕೆ? ನಾವಿರೋದು ನಾಲ್ಕೇ ಜನ" ಅನ್ನುತ್ತಿದ್ದರು. ಬಸ್ಸಿನ ಬಾಗಿಲಲ್ಲಿ ಅಮ್ಮ ನನಗೆ "ಹತ್ತು, ಹತ್ತು" ಅಂದರೆ, ಹಿಂದಿನಿಂದ ಅಪ್ಪ ಜೋರಾಗಿ "ಹನ್ನೊಂದು, ಹನ್ನೆರಡು!" ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಆದರೆ ಮುಂದಿನ ಸ್ಟಾಪ್ ಬರುವ ಹೊತ್ತಿಗೆ ಯಾರಿಗೂ ಅದು ನೆನಪಿರುತ್ತಿರಲಿಲ್ಲ. ಡೆನ್ಮಾರ್ಕಿನ ಹಾಸ್ಯ ಸಂಶೋಧಕ ಮಾರ್ಕ್ ಹೈ-ಕ್ನೂಡ್ಸನ್ 2023ರಲ್ಲಿ ಬರೆದದ್ದೂ ಇದನ್ನೇ. ಮುಜುಗರದಿಂದ ಯಾರೂ ಸಾಯುವುದಿಲ್ಲ ಅನ್ನುವುದನ್ನು ಇಂಥ ಜೋಕುಗಳಿಂದ ಮಕ್ಕಳು ಕಲಿಯುತ್ತಾರಂತೆ. ನನಗಂತೂ ಇದು ನಿಜ ಅನಿಸುತ್ತದೆ.

ಆರು, ಏಳು, ಹತ್ತು. ಹತ್ತರೊಳಗೆ ಮೂರು ಸಂಖ್ಯೆಗಳು ಕನ್ನಡದಲ್ಲಿ ಕ್ರಿಯಾಪದಗಳೂ ಹೌದು. ಆದರೆ ಏಳು, ಹತ್ತು ಅಂತ ಹೇಳೋಕೆ ಎದುರಿಗಿರುವವರು 'ನೀನು' ಆಗಿರಬೇಕು. ಅಪ್ಪ ತಮ್ಮ ತಂದೆಗೆ ಬಹುವಚನದಲ್ಲೇ ಮಾತಾಡುತ್ತಿದ್ದರು. 'ಏಳಿ' ಅಂದ ಕೂಡಲೇ ಜೋಕು ಮುಗಿದೇಹೋಯಿತು, ಅಲ್ವಾ? ಆಫೀಸಿನಲ್ಲೂ ಅಷ್ಟೆ. ಸಲಿಗೆ ಇರುವ ಕಡೆ ಮಾತ್ರ ಈ ಜೋಕು ಹುಟ್ಟುತ್ತದೆ. ಅದಕ್ಕೇ ಅದು ಮನೆಯದು.

ಇನ್ನೊಂದು ಮಾತು. ಅಪ್ಪ ಆಟ ಆಡುತ್ತಿದ್ದದ್ದು ಪದದ ಜೊತೆ, ನಮ್ಮ ಜೊತೆ ಅಲ್ಲ. ಒಮ್ಮೆ ಹಪ್ಪಳದ ಬಾಣಲೆ ಮುಂದೆ ಕೂತಿದ್ದ ಬಂಧುವೊಬ್ಬರು ನನ್ನನ್ನು ನೋಡಿ, "ಇವಳನ್ನು ಕರಿಯೋದೇ ಬೇಡ, ಆಗಲೇ ಕರಿ" ಅಂದರು. ಅದೂ ಶ್ಲೇಷೆಯೇ, ಅಪ್ಪನದಕ್ಕಿಂತ ಚುರುಕಾದದ್ದು. ಆದರೆ ನಾನು 'ಅಯ್ಯೋ' ಅನ್ನಲಿಲ್ಲ, ಎದ್ದು ಒಳಗೆ ಹೋದೆ. ಅಪ್ಪನೂ ನಗಲಿಲ್ಲ.

ಇವತ್ತು ಊಟವಾದ ಮೇಲೆ ಅಪ್ಪ ಚಾಪೆ ಮೇಲೆ ಮಲಗಿದ್ದರು. ನನ್ನ ಮಗಳು ಪಕ್ಕದಲ್ಲಿ ಬಣ್ಣ ಹಚ್ಚುತ್ತಿದ್ದಳು. ಅವಳಿಗೂ ಈಗ ಏಳು. ಹೋದ ವರ್ಷದವರೆಗೂ ತಾತನ ಜೋಕಿಗೆ ನಾವು ನರಳಿದ್ದನ್ನು ನೋಡಿ ಸುಮ್ನೆ ತಾನೂ ನರಳುತ್ತಿದ್ದಳು. ಒಂದು ಪದಕ್ಕೆ ಎರಡು ಅರ್ಥ ಇರುವುದು ಅವಳಿಗೆ ಹೊಳೆದಿರಲಿಲ್ಲ.

ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಪುಟ್ಟಿ, ಗಂಟೆ ಎಷ್ಟಾಯ್ತು?"

ಅವಳು ತಲೆ ಎತ್ತಲಿಲ್ಲ. "ಏಳು ತಾತ."

ಅಪ್ಪ ದಡಕ್ಕನೆ ಎದ್ದು ಕೂತರು. ಕಿಟಕಿ ನೋಡಿದರು. ಹೊರಗೆ ನಾಲ್ಕು ಗಂಟೆಯ ಬಿಸಿಲು. ಅವಳ ಮುಖ ನೋಡಿದರು. ಅವಳು ಕ್ರೇಯಾನ್ ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಿದ್ದಳು, ಭುಜ ಕುಣಿಯುತ್ತಿತ್ತು.

"ಅಯ್ಯೋ..." ಅಂದರು ಅಪ್ಪ. ನಾನು ಎಳೆಯುತ್ತಿದ್ದ ಅದೇ ರಾಗದಲ್ಲಿ.