ನಾಲ್ಕು ಮೇಜು, ಒಂದು ಚೀಲ ಅಡಿಕೆ

ಶಿವಮೊಗ್ಗದ ಬಿಕಾಂ ತರಗತಿಯೊಂದರಲ್ಲಿ ಅಂದು ಬುಲ್‌ವಿಪ್ ಪರಿಣಾಮದ ಪಾಠ. ಅಂದರೆ ಗಿರಾಕಿಯ ಬೇಡಿಕೆಯ ಸಣ್ಣ ಏರಿಳಿತ ಅಂಗಡಿಯಿಂದ ಕಾರ್ಖಾನೆಯತ್ತ ಹೋಗುತ್ತ ಹಂತ ಹಂತಕ್ಕೂ ದೊಡ್ಡದಾಗುವುದು. ಬೇಕಾದದ್ದು ನಾಲ್ಕು ಮೇಜು, ಒಂದಿಷ್ಟು ಚೀಟಿ, ಒಂದು ಚೀಲ ಅಡಿಕೆ. ಒಂದು ಅಡಿಕೆ ಅಂದರೆ ಒಂದು ಬಾಕ್ಸ್ ಬಿಸ್ಕತ್ತು. ಮೊದಲ ಮೇಜು ತೀರ್ಥಹಳ್ಳಿಯ ಕಿರಾಣಿ ಅಂಗಡಿ, ಎರಡನೆಯದು ಗಾಂಧಿ ಬಜಾರಿನ ಹೋಲ್‌ಸೇಲ್ ಮಳಿಗೆ, ಮೂರನೆಯದು ಡಿಸ್ಟ್ರಿಬ್ಯೂಟರ್, ಕೊನೆಯದು ಬೆಂಗಳೂರಿನ ಕಾರ್ಖಾನೆ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ‘ಬಿಯರ್ ಗೇಮ್’ನ ಸರಳ ರೂಪವಿದು. ಮೂಲ ಆಟದಲ್ಲಿ ಆರ್ಡರ್ ತಲುಪಲೂ ತಡವಾಗುತ್ತದೆ. ಇಲ್ಲಿ ಚೀಟಿ ಅದೇ ವಾರ ಕೈಸೇರುತ್ತದೆ, ಸರಕು ಬರಲು (ಕಾರ್ಖಾನೆಯಲ್ಲಾದರೆ ತಯಾರಾಗಲು) ಮಾತ್ರ ಎರಡು ವಾರ. ಮೇಜಿನಿಂದ ಮೇಜಿಗೆ ಚೀಟಿ ಹೋಗಬಹುದು, ಮಾತು ಹೋಗಬಾರದು.

ಪ್ರತಿ ಮೇಜಿನಲ್ಲೂ 12 ಬಾಕ್ಸ್ ಸ್ಟಾಕು, ದಾರಿಯಲ್ಲಿ ಈ ವಾರಕ್ಕೆ 4, ಮುಂದಿನ ವಾರಕ್ಕೆ 4. ಗಿರಾಕಿ ವಾರಕ್ಕೆ 4 ಕೊಳ್ಳುತ್ತಿದ್ದ. ಐದನೇ ವಾರ ಅದು 8 ಆಯಿತು, ಆಮೇಲೆ ಕೊನೆಯವರೆಗೂ 8.

ಎಲ್ಲರೂ ಹಿಡಿದ ಲೆಕ್ಕ ಒಂದೇ: ಹೋದಷ್ಟು ತರಿಸು, ಜೊತೆಗೆ ಸ್ಟಾಕನ್ನು ಮತ್ತೆ 12ಕ್ಕೆ ತುಂಬಿಸು. ಅಂಗಡಿಗೆ 4 ಬಂತು, 8 ಹೋಯಿತು, 8 ಉಳಿಯಿತು. ಹಾಗಾಗಿ ಚೀಟಿಯಲ್ಲಿ 8 ಕೂಡಿಸು 4, ಒಟ್ಟು 12. ಹೋಲ್‌ಸೇಲಿನಲ್ಲಿ ಬಂದ 4 ಸೇರಿ ಆದ 16ರಿಂದ 12 ಹೋಗಿ ಉಳಿದದ್ದು 4. ಅಲ್ಲಿಂದ ಹೊರಟ ಆರ್ಡರ್ 20. ಡಿಸ್ಟ್ರಿಬ್ಯೂಟರ್ ಬಳಿ ಇದ್ದದ್ದು 16, ಕೊರತೆ 4. ಅದನ್ನೂ ತುಂಬಿಸಿ 12 ಮಾಡಲು ಬರೆದದ್ದು 20 ಕೂಡಿಸು 16, ಒಟ್ಟು 36. ಕಾರ್ಖಾನೆಯಲ್ಲಿ ಉತ್ಪಾದನೆಯ ಚೀಟಿ 68! ಗಿರಾಕಿ ಹೆಚ್ಚಿಗೆ ಕೇಳಿದ್ದು 4, ಕಾರ್ಖಾನೆ ಹೆಚ್ಚಿಗೆ ಹಾಕಿದ್ದು 64. ಹಂತ ಹಂತಕ್ಕೂ ಏರಿಕೆ ದುಪ್ಪಟ್ಟು, ಅದೂ ಒಂದೇ ವಾರದಲ್ಲಿ.

ಗಿರಾಕಿಯ ಬೇಡಿಕೆ ಹೇಗಿತ್ತೆಂದು ಗೆರೆ ಎಳೆಯಲು ಹೇಳಿದಾಗ ಕಾರ್ಖಾನೆಯ ಹುಡುಗಿ ಎತ್ತರದ ಅಲೆ ಬರೆದಳು. “ಸರ್, ಹಬ್ಬದ ಸೀಸನ್ ಇರ್ಬೇಕು, ಆಮೇಲೆ ಬಿದ್ದೋಯ್ತು” ಅಂದಳು. ನಿಜದಲ್ಲಿ ಇದ್ದದ್ದು ಒಂದೇ ಒಂದು ಮೆಟ್ಟಿಲು.

ತಪ್ಪಿದ್ದು ಎಲ್ಲಿ ಎಂಬುದು ಅಂಗಡಿಯ ಆರನೇ ವಾರದ ಚೀಟಿಯಲ್ಲೇ ಕಾಣುತ್ತದೆ. ಸ್ಟಾಕು 4ಕ್ಕೆ ಇಳಿದಿತ್ತು, ಹಿಂದಿನ ವಾರದ 12 ದಾರಿಯಲ್ಲಿತ್ತು. ಆದರೂ ಹೊಸ ಆರ್ಡರ್ 16. ಶೆಲ್ಫಿನ ಮೇಲಿನ ಅಡಿಕೆ ಕಣ್ಣಿಗೆ ಬೀಳುತ್ತದೆ, ದಾರಿಯಲ್ಲಿರುವುದು ಲೆಕ್ಕಕ್ಕೆ ಬರುವುದಿಲ್ಲ. ಎಂಐಟಿಯ ಪ್ರಾಧ್ಯಾಪಕ ಜಾನ್ ಸ್ಟರ್ಮನ್ 1989ರಲ್ಲಿ ಇದೇ ಆಟ ಆಡಿಸಿ ಗುರುತಿಸಿದ್ದೂ ಇದನ್ನೇ.

ಎರಡನೇ ಸುತ್ತಿನಲ್ಲಿ ನಿಯಮ ಬದಲಾಯಿತು: ಕೈಯಲ್ಲಿರುವುದು, ದಾರಿಯಲ್ಲಿರುವುದು, ಹೊಸ ಆರ್ಡರ್ ಮೂರೂ ಸೇರಿ 20 ಆಗಬೇಕು. ಐದನೇ ವಾರ ಅಂಗಡಿಯ ಕೈಯಲ್ಲಿ 8, ದಾರಿಯಲ್ಲಿ 4, ಆರ್ಡರ್ 8. ಮೇಲಿನ ಮೂರೂ ಮೇಜುಗಳಲ್ಲಿ ಅದೇ 8.

ಇದಕ್ಕೂ ಬೆಲೆ ತೆರಬೇಕು. ಆರನೇ ವಾರದಿಂದ ಸ್ಟಾಕು 4ರಲ್ಲೇ ನಿಲ್ಲುತ್ತದೆ. ಮತ್ತೆ 12 ಬೇಕಿದ್ದರೆ 20ರ ಗುರಿಯನ್ನು 28ಕ್ಕೆ ಏರಿಸಬೇಕು, ಅದನ್ನೂ ವಾರಕ್ಕೆ 2ರಂತೆ ನಾಲ್ಕು ವಾರಗಳಲ್ಲಿ. ನಾಲ್ಕೂ ಮೇಜುಗಳು ಒಟ್ಟಿಗೇ ಹಾಗೆ ಏರಿಸಿದಾಗ ನಡುವೆ ಒಂದಿಷ್ಟು ಆರ್ಡರ್ ಪೂರೈಸಲಾಗದೆ ಬಾಕಿ ಉಳಿಯಿತು. ಆದರೆ ಕಾರ್ಖಾನೆಯ ಚೀಟಿಯಲ್ಲಿ 68ರ ಜಾಗದಲ್ಲಿ ಈ ಸಲ 16 ಇತ್ತು.