ಬುಧವಾರದ ಎರಡನೇ ಗೆರೆ

ಬೆಂಗಳೂರಿನ ಹೊರಗೆ ಒಂದು ಮನೆ ಕಟ್ಟುವ ಸೈಟಿನಲ್ಲಿ ಹಾಜರಿ ಬರೆಯುವುದು ನನ್ನ ಕೆಲಸ. ಬೆಳಗ್ಗೆ ಬಂದವರ ಹೆಸರಿನ ಮುಂದೆ ಒಂದು ಓರೆ ಗೆರೆ. ಊಟ ಮುಗಿಸಿ ಮತ್ತೆ ಕೆಲಸಕ್ಕೆ ಇಳಿದರೆ ಅದರ ಮೇಲೆ ಅಡ್ಡಲಾಗಿ ಇನ್ನೊಂದು. ಗುಣಿಸು ಗುರುತು ಬಿದ್ದರೆ ಪೂರ್ತಿ ದಿನ, ಒಂದೇ ಗೆರೆ ಇದ್ದರೆ ಅರ್ಧ ದಿನ. ಶನಿವಾರ ಸಂಜೆ ಬಟವಾಡೆ.

ಆ ಶನಿವಾರ ಮೊದಲು ಬಂದವರು ರಾಯಚೂರು ಕಡೆಯ ಒಬ್ಬ ಅಕ್ಕ. ಹೆಲ್ಪರ್ ಕೂಲಿ ದಿನಕ್ಕೆ 700. ಪುಸ್ತಕದಲ್ಲಿ ಐದು ದಿನ, ಅಂದರೆ 3,500. ವಾರದ ನಡುವೆ ತೆಗೆದುಕೊಂಡಿದ್ದ 500 ಕಳೆದು 3,000 ಎಣಿಸಿ ಕೊಟ್ಟೆ. ಅವರು ದುಡ್ಡು ಮುಟ್ಟಲಿಲ್ಲ.

"ಇಲ್ರೀ ಸರ, ನಂದು ಐದೂವರಿ ಆಗ್ತೈತ್ರಿ. ಬಂದು ನೋಡ್ರಿ."

ತಮ್ಮ ಶೆಡ್ಡಿನ ತಗಡಿನ ಮೇಲೆ ಇದ್ದಿಲಲ್ಲಿ ಗೆರೆ ಎಳೆದಿದ್ದರು. ಐದು ಉದ್ದ, ಒಂದು ಗಿಡ್ಡ. ಗಿಡ್ಡದ್ದು ಶುಕ್ರವಾರದ್ದು. ನನ್ನ ಪುಸ್ತಕದಲ್ಲಿ ಬುಧವಾರವೂ ಅರ್ಧ.

ಅಲ್ಲಿಯವರೆಗೆ ನಾನು ಒಬ್ಬೊಬ್ಬರ ಸಾಲನ್ನು ಅಡ್ಡಕ್ಕೆ ಮಾತ್ರ ಕೂಡುತ್ತಿದ್ದೆ. ಅವತ್ತು ದಿನದ ಪ್ರಕಾರ ಮೇಲಿಂದ ಕೆಳಗೆ ನೋಡಿದೆ. ಬುಧವಾರ ಏಳು ಜನಕ್ಕೂ ಒಂದೊಂದೇ ಗೆರೆ! ಶುಕ್ರವಾರವೂ ಹಾಗೇ ಇತ್ತು, ಆದರೆ ಅದಕ್ಕೆ ಕಾರಣವಿತ್ತು. ಮಧ್ಯಾಹ್ನದಿಂದ ಬಿಡದೆ ಮಳೆ. ಬುಧವಾರ ಮಳೆ ಇರಲಿಲ್ಲ. ಅವತ್ತು ಊಟ ಆದ ಮೇಲೆ ನಾನು ಸಿಮೆಂಟ್ ತರಲು ಹೋಗಿದ್ದೆ. ಎರಡನೇ ಗೆರೆ ಎಳೆಯುವವರೇ ಸೈಟಿನಲ್ಲಿ ಇರಲಿಲ್ಲ.

ಒಂದೇ ಗೆರೆ ನೋಡಿದರೆ ಆಳು ಹೋದದ್ದೋ, ಬರೆಯುವವನು ಮರೆತದ್ದೋ ಹೇಗೆ ತಿಳಿಯಬೇಕು? ಎಲ್ಲರನ್ನೂ ಕರೆದು ಕೇಳಿದೆ. ಒಬ್ಬ ಹೆಲ್ಪರ್ ತಾನಾಗಿಯೇ, "ನಂದು ಅರ್ಧಾನೇ ಸರ್, ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ" ಎಂದ. ಸುಮ್ನೆ ಇದ್ದಿದ್ದರೆ 350 ರೂಪಾಯಿ ಅವನಿಗೂ ಜಾಸ್ತಿ ಸಿಗುತ್ತಿತ್ತು. ಆ ಮಾತು ಕೇಳಿ ನನ್ನ ಎದೆ ತುಂಬಿ ಬಂತು.

ಉಳಿದದ್ದು ಆರು ಜನ. 1,000 ಕೂಲಿಯ ಇಬ್ಬರು ಗಾರೆಯವರಿಗೆ 500ರಂತೆ, ನಾಲ್ಕು ಹೆಲ್ಪರ್‌ಗಳಿಗೆ 350ರಂತೆ, ಒಟ್ಟು 2,400 ಕಡಿಮೆ ಬಿದ್ದಿತ್ತು. ಕಂಟ್ರಾಕ್ಟರ್‌ಗೆ ಪುಸ್ತಕ ತೋರಿಸಿ ಆ ದುಡ್ಡು ತರಿಸಿದೆ. ಅಕ್ಕನ ಕೈಗೆ 3,350 ಬಂತು.

ಆಮೇಲೆ ಗೆರೆಯ ಪದ್ಧತಿ ಬದಲಿಸಿದೆ. ಮಧ್ಯಾಹ್ನ ಹೊರಟವರ ಗೆರೆಗೆ ಅವರ ಎದುರಲ್ಲೇ ಸುತ್ತು ಹಾಕುತ್ತೇನೆ. ಸುತ್ತಿಲ್ಲದ ಒಂಟಿ ಗೆರೆ ಕಂಡರೆ ಅದು ನಾನು ಮರೆತದ್ದು, ಅವತ್ತೇ ಕೇಳಿ ಸರಿ ಮಾಡಬೇಕು. ಶುಕ್ರವಾರ ಸಂಜೆ ಎಲ್ಲರ ಲೆಕ್ಕವನ್ನೂ ಜೋರಾಗಿ ಓದುತ್ತೇನೆ. ಆಗ ಅಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತು ತಮ್ಮ ತಗಡಿನ ಗೆರೆಗಳ ಮೇಲೆ ಬೆರಳು ಇಡುತ್ತಾ ಬರುತ್ತಾರೆ.